ಪಂಚಾಂಗದ ಕೊನೆಯ ಎರಡು ಅಂಗಗಳು: ಯೋಗ ಮತ್ತು ಕರಣವನ್ನು ನೀವೇ ಲೆಕ್ಕ ಹಾಕುವುದು ಹೇಗೆ

ಮನೆಯಲ್ಲಿ ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳುವುದನ್ನು ಗಮನವಿಟ್ಟು ಕೇಳಿ. ಸಂವತ್ಸರ, ಅಯನ, ಋತು, ಮಾಸ, ಪಕ್ಷ ಎಲ್ಲದಕ್ಕೂ ಹೆಸರು ಬರುತ್ತದೆ. ತಿಥಿಗೂ ಹೆಸರು, ವಾರಕ್ಕೂ ಹೆಸರು, ನಕ್ಷತ್ರಕ್ಕೂ ಹೆಸರು. ಆಮೇಲೆ ಹೆಚ್ಚಿನ ಕಡೆ ಬರುವುದು ಬರೀ 'ಶುಭಯೋಗ ಶುಭಕರಣ'. ಅವತ್ತು ಯಾವ ಯೋಗ, ಯಾವ ಕರಣ ಎಂದು ಯಾರೂ ಹೇಳುವುದಿಲ್ಲ. ಕೇಳುವವರೂ ಇಲ್ಲ.

ಯುಗಾದಿಯ ದಿನ ಪಂಚಾಂಗ ಓದಿಸುವಾಗ ಮಾತ್ರ ಐದಕ್ಕೂ ಒಂದೊಂದು ಫಲ ಹೇಳುವ ರೂಢಿ ಇದೆ. ತಿಥಿಯಿಂದ ಸಂಪತ್ತು, ವಾರದಿಂದ ಆಯುಷ್ಯ, ನಕ್ಷತ್ರದಿಂದ ಪಾಪನಾಶ, ಯೋಗದಿಂದ ರೋಗನಿವಾರಣೆ, ಕರಣದಿಂದ ಕಾರ್ಯಸಿದ್ಧಿ. ನಮ್ಮ ಮನೆಯಲ್ಲಿ ಅಜ್ಜ ಇದನ್ನು ಓದುತ್ತಿದ್ದರು. ಕೆಲಸ ಕೈಗೂಡುವುದು ಕರಣದಿಂದ ಅಂದಮೇಲೆ ಅದನ್ನೇ ಯಾಕೆ ಬಿಟ್ಟುಬಿಡುತ್ತೇವೆ ಎಂದು ಕೇಳಿದ್ದೆ. 'ತಿಥಿ ಗೊತ್ತಿದ್ದವನಿಗೆ ಕರಣ ಗೊತ್ತಿದ್ದ ಹಾಗೇ' ಎಂದರು. ಆ ಮಾತು ಪೂರ್ತಿ ಅರ್ಥವಾಗಿದ್ದು ನಾನೇ ಲೆಕ್ಕ ಹಾಕಿ ನೋಡಿದ ಮೇಲೆ. ಆ ಲೆಕ್ಕವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಎರಡು ಸಂಖ್ಯೆ

ವಾರವನ್ನು ಬಿಟ್ಟರೆ ಪಂಚಾಂಗದ ಉಳಿದ ನಾಲ್ಕೂ ಅಂಗಗಳು ಎರಡೇ ಎರಡು ಸಂಖ್ಯೆಗಳಿಂದ ಹುಟ್ಟುತ್ತವೆ. ಸೂರ್ಯ ಎಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ, ಅಷ್ಟೇ. ರಾಶಿಚಕ್ರದ ಸುತ್ತು 360 ಡಿಗ್ರಿ. ಮೇಷ ಶುರುವಾಗುವ ಜಾಗದಿಂದ ಎಣಿಸಿದರೆ ಇಬ್ಬರೂ ಎಷ್ಟನೇ ಡಿಗ್ರಿಯಲ್ಲಿದ್ದಾರೆ ಎಂಬುದು ಸಿಗುತ್ತದೆ. ಇದಕ್ಕೆ ಸ್ಫುಟ ಎನ್ನುತ್ತಾರೆ. ಪಂಚಾಂಗದ ಗ್ರಹಸ್ಫುಟದ ಪುಟದಲ್ಲಿ ಇದು ಅಚ್ಚಾಗಿರುತ್ತದೆ. ಜಾತಕ ಹಾಕುವ ಆ್ಯಪ್‌ಗಳಲ್ಲೂ ಸಿಗುತ್ತದೆ. ಅಲ್ಲಿ 'ಸಿಂಹ 13 ಡಿಗ್ರಿ' ಎಂದಿದ್ದರೆ, ಸಿಂಹಕ್ಕೆ ಮುಂಚೆ ನಾಲ್ಕು ರಾಶಿ ಕಳೆದಿವೆ ಎಂದು 120 ಸೇರಿಸಿ 133 ಎಂದು ಇಟ್ಟುಕೊಳ್ಳಿ.

ಚಂದ್ರನ ಸಂಖ್ಯೆಯೊಂದನ್ನೇ 13 ಡಿಗ್ರಿ 20 ಕಲೆಯಿಂದ ಭಾಗಿಸಿದರೆ ನಕ್ಷತ್ರ. (60 ಕಲೆ ಸೇರಿದರೆ ಒಂದು ಡಿಗ್ರಿ.) ಚಂದ್ರನಿಂದ ಸೂರ್ಯನನ್ನು ಕಳೆದು 12ರಿಂದ ಭಾಗಿಸಿದರೆ ತಿಥಿ. ಅದೇ ವ್ಯತ್ಯಾಸವನ್ನು 6ರಿಂದ ಭಾಗಿಸಿದರೆ ಕರಣ. ಇಬ್ಬರನ್ನೂ ಕೂಡಿಸಿ 13 ಡಿಗ್ರಿ 20 ಕಲೆಯಿಂದ ಭಾಗಿಸಿದರೆ ಯೋಗ.

```
ತಿಥಿ    = (ಚಂದ್ರ − ಸೂರ್ಯ) ÷ 12°
ಕರಣ    = (ಚಂದ್ರ − ಸೂರ್ಯ) ÷ 6°
ನಕ್ಷತ್ರ = ಚಂದ್ರ ÷ 13°20'
ಯೋಗ   = (ಚಂದ್ರ + ಸೂರ್ಯ) ÷ 13°20'
```

ಕಳೆದಾಗ ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ 360 ಸೇರಿಸಿ. ಕೂಡಿದಾಗ 360 ದಾಟಿದರೆ 360 ಕಳೆಯಿರಿ. ಭಾಗಿಸಿದಾಗ ಬಂದ ಪೂರ್ಣ ಸಂಖ್ಯೆಯಷ್ಟು ಮುಗಿದಿವೆ, ಈಗ ನಡೆಯುತ್ತಿರುವುದು ಅದರ ಮುಂದಿನದು. 6.4 ಬಂದರೆ ಆರು ಮುಗಿದಿವೆ, ನಡೆಯುತ್ತಿರುವುದು ಏಳನೆಯದು. ಹೊಸಬರು ಜಾಸ್ತಿ ತಪ್ಪುವುದು ಇಲ್ಲೇ. 6.4 ನೋಡಿ ಆರನೆಯ ಹೆಸರನ್ನು ಬರೆದುಬಿಡುತ್ತಾರೆ.

ಕರಣ: ತಿಥಿಯ ಅರ್ಧ

ಕರಣ ಅಂದರೆ ಅರ್ಧ ತಿಥಿ. ಒಂದು ಚಾಂದ್ರಮಾಸದಲ್ಲಿ 30 ತಿಥಿ, ಹಾಗಾಗಿ 60 ಕರಣ. ಆದರೆ ಹೆಸರು ಇರುವುದು ಹನ್ನೊಂದೇ. ಅದರಲ್ಲಿ ಏಳು ಹೆಸರು ತಿರುಗುತ್ತಾ ಇರುತ್ತವೆ: ಬವ, ಬಾಲವ, ಕೌಲವ, ತೈತಿಲ, ಗರಜ, ವಣಿಜ, ವಿಷ್ಟಿ. ಇವು ಚರ ಕರಣಗಳು. ವಿಷ್ಟಿಗೇ ಭದ್ರಾ ಎಂಬ ಇನ್ನೊಂದು ಹೆಸರು. ಎಷ್ಟೋ ಪಂಚಾಂಗಗಳಲ್ಲಿ ಭದ್ರಾ ಎಂದೇ ಅಚ್ಚಾಗಿರುತ್ತದೆ. ಉಳಿದ ನಾಲ್ಕು ಸ್ಥಿರ ಕರಣಗಳು: ಶಕುನಿ, ಚತುಷ್ಪಾದ, ನಾಗವ, ಕಿಂಸ್ತುಘ್ನ. ಇವು ತಿಂಗಳಿಗೆ ಒಂದೇ ಸಲ, ಅದೂ ಅಮಾವಾಸ್ಯೆಯ ಸುತ್ತಮುತ್ತ ಮಾತ್ರ ಬರುತ್ತವೆ. ಬಹುಳ ಚತುರ್ದಶಿಯ ಎರಡನೇ ಅರ್ಧ ಶಕುನಿ. ಅಮಾವಾಸ್ಯೆಯ ಮೊದಲರ್ಧ ಚತುಷ್ಪಾದ, ಎರಡನೆಯದು ನಾಗವ. ಶುದ್ಧ ಪಾಡ್ಯದ ಮೊದಲರ್ಧ ಕಿಂಸ್ತುಘ್ನ. ಪಾಡ್ಯದ ಎರಡನೇ ಅರ್ಧದಿಂದ ಬವ ಶುರು. ಅಲ್ಲಿಂದ ಏಳೂ ಎಂಟು ಸುತ್ತು ಹೊಡೆದು 56 ಜಾಗ ತುಂಬುತ್ತವೆ. 56ಕ್ಕೆ ನಾಲ್ಕು ಸೇರಿದರೆ 60. ಲೆಕ್ಕ ಸರಿಹೋಯಿತು, ಅಲ್ವಾ.

ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಯಾವ ತಿಥಿಯ ಯಾವ ಅರ್ಧಕ್ಕೆ ಯಾವ ಕರಣ ಎಂಬುದು ಯಾವತ್ತೂ ಬದಲಾಗುವುದಿಲ್ಲ. ಯಾವ ವರ್ಷ ಆಗಲಿ, ಯಾವ ಮಾಸ ಆಗಲಿ, ಹುಣ್ಣಿಮೆಯ ಮೊದಲರ್ಧ ಭದ್ರೆಯೇ. ಅಜ್ಜ ಹೇಳಿದ್ದು ಇದನ್ನೇ.

ಹೆಸರು ಕಂಡುಹಿಡಿಯಲು ಕೋಷ್ಟಕ ಬೇಕಿಲ್ಲ. ಶುದ್ಧ ಪಾಡ್ಯವನ್ನು 1, ಹುಣ್ಣಿಮೆಯನ್ನು 15, ಬಹುಳ ಪಾಡ್ಯವನ್ನು 16, ಅಮಾವಾಸ್ಯೆಯನ್ನು 30 ಎಂದು ಎಣಿಸಿ. ನಿಮ್ಮ ತಿಥಿಯ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಎರಡನೇ ಅರ್ಧ ನಡೆಯುತ್ತಿದ್ದರೆ ಒಂದು ಕಳೆಯಿರಿ, ಮೊದಲರ್ಧ ಆಗಿದ್ದರೆ ಎರಡು ಕಳೆಯಿರಿ. ಬಂದದ್ದನ್ನು ಏಳರಿಂದ ಭಾಗಿಸಿ ಶೇಷ ನೋಡಿ. ಶೇಷ 1 ಆದರೆ ಬವ, 2 ಬಾಲವ, 3 ಕೌಲವ, 4 ತೈತಿಲ, 5 ಗರಜ, 6 ವಣಿಜ. ಶೇಷ ಏನೂ ಉಳಿಯದಿದ್ದರೆ ಭದ್ರೆ. ಸ್ಥಿರ ಕರಣದ ನಾಲ್ಕು ಜಾಗಗಳಿಗೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ, ಅವನ್ನು ಬಾಯಿಪಾಠ ಮಾಡಿಕೊಳ್ಳಿ.

ಚೌತಿಯನ್ನೇ ತೆಗೆದುಕೊಳ್ಳೋಣ. ಶುದ್ಧ ಚೌತಿ 4. ಎರಡರಿಂದ ಗುಣಿಸಿದರೆ 8. ಎರಡನೇ ಅರ್ಧಕ್ಕೆ ಒಂದು ಕಳೆದರೆ 7. ಏಳರಿಂದ ಭಾಗಿಸಿದರೆ ಶೇಷ ಇಲ್ಲ, ಅಂದರೆ ಭದ್ರೆ. ಹೀಗೇ ಇಡೀ ತಿಂಗಳಿಗೆ ಹಾಕಿ ನೋಡಿದರೆ ಭದ್ರೆ ಎಂಟು ಸಲ ಬರುತ್ತದೆ. ಶುಕ್ಲಪಕ್ಷದಲ್ಲಿ ಚೌತಿ ಮತ್ತು ಏಕಾದಶಿಯ ಎರಡನೇ ಅರ್ಧ, ಅಷ್ಟಮಿ ಮತ್ತು ಹುಣ್ಣಿಮೆಯ ಮೊದಲರ್ಧ. ಕೃಷ್ಣಪಕ್ಷದಲ್ಲಿ ತದಿಗೆ ಮತ್ತು ದಶಮಿಯ ಎರಡನೇ ಅರ್ಧ, ಸಪ್ತಮಿ ಮತ್ತು ಚತುರ್ದಶಿಯ ಮೊದಲರ್ಧ. ಕರಣದಲ್ಲಿ ದಿನನಿತ್ಯಕ್ಕೆ ನಿಜವಾಗಿ ಬೇಕಾಗುವುದು ಈ ಎಂಟು ಜಾಗ. ಬವದಿಂದ ವಣಿಜದವರೆಗಿನ ಆರನ್ನೂ ಶುಭ ಎಂದೇ ಎಣಿಸುತ್ತಾರೆ. ಹೊಸ ಕೆಲಸಕ್ಕೆ ಬಿಡುವುದು ಭದ್ರೆಯನ್ನು. ನಾಲ್ಕು ಸ್ಥಿರ ಕರಣಗಳು ಅಮಾವಾಸ್ಯೆಗೇ ಅಂಟಿಕೊಂಡಿರುವುದರಿಂದ ಆ ಹೊತ್ತಿಗೆ ಮುಹೂರ್ತ ಇಡುವವರೇ ಕಡಿಮೆ.

ಭದ್ರೆ ಯಾವಾಗ ಮುಗಿಯಿತು?

ಅರ್ಧ ತಿಥಿ ಅಂದರೆ ಎಷ್ಟು ಹೊತ್ತು? ತಿಥಿ ಸರಾಸರಿ 23 ಗಂಟೆ 37 ನಿಮಿಷ ಇರುತ್ತದೆ. ಕರಣ ಅದರ ಅರ್ಧ, ಹನ್ನೆರಡು ಗಂಟೆಗೆ ಸ್ವಲ್ಪ ಕಡಿಮೆ. ಆದರೆ ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಅದಕ್ಕೇ ಸರಾಸರಿ ನಂಬಬಾರದು. ಆ ದಿನದ ತಿಥಿಯ ಆರಂಭ ಮತ್ತು ಕೊನೆ ಎರಡನ್ನೂ ತೆಗೆದುಕೊಂಡು ಮಧ್ಯ ಹಿಡಿಯಬೇಕು. ಪಂಚಾಂಗದಲ್ಲಿ ತಿಥಿಯ ಕೊನೆ ಮಾತ್ರ ಅಚ್ಚಾಗಿರುತ್ತದೆ. ಹಿಂದಿನ ತಿಥಿಯ ಕೊನೆಯೇ ಈ ತಿಥಿಯ ಆರಂಭ.

2023ರ ರಾಖಿ ಹಬ್ಬ ನಿಮಗೆ ನೆನಪಿರಬಹುದು. ಭದ್ರೆಯಲ್ಲಿ ರಾಖಿ ಕಟ್ಟಬಾರದು ಎನ್ನುತ್ತಾರಲ್ಲ, ಅದಕ್ಕೇ ಆಗಸ್ಟ್ 30ಕ್ಕೋ 31ಕ್ಕೋ ಎಂದು ಎಲ್ಲ ಕಡೆ ಗೊಂದಲ ಆಗಿತ್ತು. ಆ ಶ್ರಾವಣ ಹುಣ್ಣಿಮೆ ಆಗಸ್ಟ್ 30ರ ಬೆಳಗ್ಗೆ 10.58ಕ್ಕೆ ಶುರುವಾಗಿ 31ರ ಬೆಳಗ್ಗೆ 7.05ಕ್ಕೆ ಮುಗಿಯಿತು. ಒಟ್ಟು 20 ಗಂಟೆ 7 ನಿಮಿಷ. ಚಂದ್ರ ಭೂಮಿಗೆ ತುಂಬ ಹತ್ತಿರ ಇದ್ದ, ಅದಕ್ಕೇ ತಿಥಿ ಇಷ್ಟು ಚಿಕ್ಕದು. ಅರ್ಧ ಮಾಡಿದರೆ 10 ಗಂಟೆ ಮೂರೂವರೆ ನಿಮಿಷ. 10.58ಕ್ಕೆ ಸೇರಿಸಿದರೆ ರಾತ್ರಿ 9.01. ಹುಣ್ಣಿಮೆಯ ಮೊದಲರ್ಧ ಭದ್ರೆ ಎಂದು ಈಗ ನಮಗೆ ಗೊತ್ತು. ಹಾಗಾಗಿ ಬೆಳಗ್ಗೆ ಹತ್ತೂಮುಕ್ಕಾಲು ದಾಟಿದ ಮೇಲಿಂದ ರಾತ್ರಿ ಒಂಬತ್ತರವರೆಗೆ ಭದ್ರೆ. ಅವತ್ತು ಟೀವಿಯಲ್ಲಿ, ಪೇಪರ್‌ನಲ್ಲಿ ಹೇಳಿದ್ದೂ ರಾತ್ರಿ 9.01 ಎಂದೇ.

ನಿಜವಾಗಿ ಅರ್ಧ ಎನ್ನುವುದು ಡಿಗ್ರಿಯಲ್ಲಿ, ಗಡಿಯಾರದಲ್ಲಿ ಅಲ್ಲ. ಚಂದ್ರನ ವೇಗ ತಿಥಿಯೊಳಗೇ ಸ್ವಲ್ಪ ಬದಲಾಗುವುದರಿಂದ ಹೀಗೆ ಮಧ್ಯ ಹಿಡಿದಾಗ ಕೆಲವೊಮ್ಮೆ ನಾಲ್ಕಾರು ನಿಮಿಷ ಆಚೀಚೆ ಆಗಬಹುದು. ಮನೆ ಮಟ್ಟದ ಕೆಲಸಕ್ಕೆ ಅಷ್ಟು ಸಾಕು.

ರಾಖಿಗೆ ಮಾತ್ರ ಪ್ರತಿ ವರ್ಷ ಭದ್ರೆಯ ಮಾತು ಯಾಕೆ ಏಳುತ್ತದೆ ಎಂಬುದೂ ಈಗ ಸ್ಪಷ್ಟ. ಹಬ್ಬ ಹುಣ್ಣಿಮೆಯಲ್ಲಿ ಇದೆ, ಹುಣ್ಣಿಮೆಯ ಅರ್ಧ ಯಾವಾಗಲೂ ಭದ್ರೆ. ಫಾಲ್ಗುಣ ಹುಣ್ಣಿಮೆಗೆ ಕಾಮನನ್ನು ಸುಡುವಾಗಲೂ ಇದೇ ಪ್ರಶ್ನೆ ಬರುತ್ತದೆ. ಇದು ಆ ವರ್ಷಕ್ಕೆ ಬಂದ ವಿಶೇಷ ದೋಷ ಅಲ್ಲ. ರಾಖಿಯಲ್ಲಿ ಭದ್ರೆ ರಾತ್ರಿ ಹೊತ್ತಿಗೆ ಬಿದ್ದ ವರ್ಷ ಯಾರಿಗೂ ಗೊತ್ತಾಗುವುದಿಲ್ಲ, ಹಗಲಿಗೆ ಬಿದ್ದ ವರ್ಷ ಗಲಾಟೆ ಆಗುತ್ತದೆ, ಅಷ್ಟೇ.

ಇದರ ಪಕ್ಕದಲ್ಲೇ 2024ರ ಗಣೇಶ ಚೌತಿಯನ್ನು ಇಟ್ಟು ನೋಡಿ. ಚೌತಿ ತಿಥಿ ಸೆಪ್ಟೆಂಬರ್ 6ರ ಮಧ್ಯಾಹ್ನ 3.01ಕ್ಕೆ ಶುರು, 7ರ ಸಂಜೆ 5.37ಕ್ಕೆ ಮುಕ್ತಾಯ. ಒಟ್ಟು 26 ಗಂಟೆ 36 ನಿಮಿಷ, ಅರ್ಧ 13 ಗಂಟೆ 18 ನಿಮಿಷ. ಎರಡನೇ ಅರ್ಧ ಶುರುವಾಗಿದ್ದು 7ರ ಬೆಳಗಿನ ಜಾವ ಸುಮಾರು 4.20ಕ್ಕೆ. ಅಂದರೆ ಹಬ್ಬದ ಇಡೀ ಹಗಲು ಭದ್ರೆ! ಆದರೂ ಎಲ್ಲರ ಮನೆಯಲ್ಲೂ ಗಣಪತಿ ಕೂತಿತು. ಚೌತಿಯ ಪೂಜೆಗೆ ನೋಡುವುದು ಮಧ್ಯಾಹ್ನದ ಹೊತ್ತಿಗೆ ಚೌತಿ ಇದೆಯಾ ಎಂದು, ಕರಣವನ್ನಲ್ಲ. ಹಬ್ಬಕ್ಕೆ ಅದರದ್ದೇ ಆದ ನಿಯಮ. ನಾವಾಗಿ ದಿನ ಆರಿಸಿಕೊಳ್ಳುವ ಗೃಹಪ್ರವೇಶ, ಅಂಗಡಿ ಪೂಜೆ, ಮದುವೆ ಮಾತುಕತೆ ಇಂಥವಕ್ಕೆ ಕರಣ ನೋಡುವುದು. ಈ ಎರಡನ್ನು ಕಲಸಬೇಡಿ.

ಇನ್ನೊಂದು ವಿಷಯವೂ ಇದೆ. ಮುಹೂರ್ತಶಾಸ್ತ್ರದಲ್ಲಿ ಭದ್ರೆ ಎಲ್ಲಿ ವಾಸವಾಗಿದ್ದಾಳೆ ಎಂದು ಚಂದ್ರನ ರಾಶಿಯಿಂದ ನೋಡುತ್ತಾರೆ. ಚಂದ್ರ ಕಟಕ, ಸಿಂಹ, ಕುಂಭ, ಮೀನದಲ್ಲಿದ್ದರೆ ಭೂಮಿಯಲ್ಲಿ. ಮೇಷ, ವೃಷಭ, ಮಿಥುನ, ವೃಶ್ಚಿಕದಲ್ಲಿದ್ದರೆ ಸ್ವರ್ಗದಲ್ಲಿ. ಕನ್ಯಾ, ತುಲಾ, ಧನು, ಮಕರದಲ್ಲಿದ್ದರೆ ಪಾತಾಳದಲ್ಲಿ. ಎಲ್ಲಿದ್ದಾಳೋ ಅಲ್ಲಿಗೇ ಫಲ. 2023ರ ರಾಖಿ ದಿನ ಚಂದ್ರ ಕುಂಭದಲ್ಲಿದ್ದ, ಭದ್ರೆ ಭೂಮಿಯ ಮೇಲೆ. 2024ರ ಚೌತಿಯ ದಿನ ಚಂದ್ರ ತುಲೆಯಲ್ಲಿ, ಭದ್ರೆ ಪಾತಾಳದಲ್ಲಿ. ಭದ್ರೆ ಅಂದ ತಕ್ಷಣ ಇಟ್ಟ ಕಾರ್ಯ ಮುಂದೂಡುವ ಮೊದಲು ಇದನ್ನೂ ನೋಡಿ ಎಂದು ಬಲ್ಲವರು ಹೇಳುತ್ತಾರೆ.

ಯೋಗ: ಇಬ್ಬರ ಓಟದ ಮೊತ್ತ

ಯೋಗ ಎಂಬ ಪದದ ಅರ್ಥವೇ ಕೂಡುವುದು. ದುಂಡನೆಯ ಮೈದಾನದಲ್ಲಿ ಇಬ್ಬರು ಓಡುತ್ತಿದ್ದಾರೆ ಎಂದುಕೊಳ್ಳಿ. ಅವರ ನಡುವಿನ ಅಂತರ ತಿಥಿ, ಕರಣ. ಇಬ್ಬರೂ ಗೆರೆಯಿಂದ ಎಷ್ಟು ದೂರದಲ್ಲಿದ್ದಾರೋ ಅದನ್ನು ಕೂಡಿಸಿದರೆ ಯೋಗ.

ತಿಥಿಯನ್ನು ಆಕಾಶ ನೋಡಿಯೇ ಹೇಳಬಹುದು, ಚಂದ್ರನ ಆಕಾರದಲ್ಲೇ ಕಾಣುತ್ತದೆ. ಚಂದ್ರನ ಪಕ್ಕದ ಚುಕ್ಕಿ ನೋಡಿ ನಕ್ಷತ್ರವನ್ನೂ ಹೇಳಬಹುದು. ಯೋಗ ಮಾತ್ರ ಕಣ್ಣಿಗೆ ಕಾಣುವಂಥದ್ದಲ್ಲ. ಕಾಗದದ ಮೇಲೆ ಕೂಡಿಸಿದಾಗಲೇ ಸಿಗುವುದು. ಜನರ ಬಾಯಲ್ಲಿ ಯೋಗ ಉಳಿಯದೆ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಆದರೂ ಈ ಮೊತ್ತ ಸುಮ್ನೆ ಹುಟ್ಟಿದ್ದಲ್ಲ. ಮೊತ್ತ ಸರಿಯಾಗಿ 360 ಆಯಿತು ಅಂದರೆ, ಸೂರ್ಯ ಮೇಷದ ಆರಂಭದಿಂದ 30 ಡಿಗ್ರಿ ಮುಂದಿದ್ದರೆ ಚಂದ್ರ 30 ಡಿಗ್ರಿ ಹಿಂದಿದ್ದಾನೆ. ಹಗಲು ರಾತ್ರಿ ಸಮ ಇರುವ ಮಾರ್ಚ್ ತಿಂಗಳ ದಿನ ಸೂರ್ಯ ಇರುವ ಜಾಗಕ್ಕೆ ವಿಷುವಬಿಂದು ಎನ್ನುತ್ತಾರೆ. ಮೇಷದ ಆರಂಭವೂ ಆ ವಿಷುವಬಿಂದುವೂ ಒಂದೇ ಆಗಿದ್ದ ಕಾಲದಲ್ಲಿ ಇದಕ್ಕೆ ಆಕಾಶದಲ್ಲೇ ಅರ್ಥ ಇತ್ತು. ಸೂರ್ಯ ಎಷ್ಟು ಉತ್ತರಕ್ಕೋ ಚಂದ್ರ ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕೆ. ಕೊನೆಯ ಯೋಗ ವೈಧೃತಿ ಮುಗಿಯುವುದು ಈ 360ರಲ್ಲಿ. ಅದನ್ನು ಅಷ್ಟು ಕಟ್ಟುನಿಟ್ಟಾಗಿ ಬಿಡುವ ರೂಢಿ ಇರುವುದನ್ನು ಇದರ ಜೊತೆ ಇಟ್ಟು ನೋಡಬೇಕು.

ಯೋಗಗಳು 27. ಕ್ರಮವಾಗಿ ವಿಷ್ಕಂಭ, ಪ್ರೀತಿ, ಆಯುಷ್ಮಾನ್, ಸೌಭಾಗ್ಯ, ಶೋಭನ, ಅತಿಗಂಡ, ಸುಕರ್ಮ, ಧೃತಿ, ಶೂಲ, ಗಂಡ, ವೃದ್ಧಿ, ಧ್ರುವ, ವ್ಯಾಘಾತ, ಹರ್ಷಣ, ವಜ್ರ, ಸಿದ್ಧಿ, ವ್ಯತೀಪಾತ, ವರೀಯಾನ್, ಪರಿಘ, ಶಿವ, ಸಿದ್ಧ, ಸಾಧ್ಯ, ಶುಭ, ಶುಕ್ಲ, ಬ್ರಹ್ಮ, ಐಂದ್ರ, ವೈಧೃತಿ. ಎಲ್ಲವನ್ನೂ ನೆನಪಿಡುವ ಅಗತ್ಯ ಇಲ್ಲ. ವ್ಯತೀಪಾತ, ವೈಧೃತಿ ಎರಡನ್ನೂ ಶುಭಕಾರ್ಯಕ್ಕೆ ಪೂರ್ತಿ ಬಿಡುತ್ತಾರೆ. ಪರಿಘದಲ್ಲಿ ಮೊದಲರ್ಧ ಬಿಡುತ್ತಾರೆ. ಇನ್ನು ಆರು ಯೋಗಗಳಲ್ಲಿ ಆರಂಭದ ಕೆಲವು ಘಳಿಗೆ ಬಿಟ್ಟರೆ ಸಾಕು. ವಿಷ್ಕಂಭ ಮತ್ತು ವಜ್ರಕ್ಕೆ ಮೂರು ಘಳಿಗೆ, ಶೂಲಕ್ಕೆ ಐದು, ಗಂಡ ಅತಿಗಂಡಗಳಿಗೆ ಆರು, ವ್ಯಾಘಾತಕ್ಕೆ ಒಂಬತ್ತು. ಒಂದು ಘಳಿಗೆ 24 ನಿಮಿಷ. ಹಾಗಾಗಿ ಶೂಲ ಯೋಗದಲ್ಲಿ ಬಿಡಬೇಕಾದ್ದು ಮೊದಲ ಎರಡು ಗಂಟೆ ಮಾತ್ರ. 'ಇವತ್ತು ಶೂಲ ಯೋಗ' ಎಂದು ಇಡೀ ದಿನ ಕೈಬಿಡುವವರನ್ನು ನೋಡಿದ್ದೇನೆ. ಅದು ಬೇಕಿಲ್ಲ. ಕೆಲವು ಸಂಪ್ರದಾಯದಲ್ಲಿ ಈ ಘಳಿಗೆಗಳ ಲೆಕ್ಕ ಸ್ವಲ್ಪ ಬೇರೆ ಇರುತ್ತದೆ, ನಿಮ್ಮ ಮನೆಯ ಪುರೋಹಿತರು ಹೇಳಿದ್ದನ್ನು ಹಿಡಿಯಿರಿ.

ಒಂದು ದಿನವನ್ನು ಪೂರ್ತಿ ಬಿಡಿಸೋಣ

ಅದೇ ಆಗಸ್ಟ್ 31, 2023, ಗುರುವಾರ. ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6.08. ಆ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ 133 ಡಿಗ್ರಿ 12 ಕಲೆ, ಚಂದ್ರ 312 ಡಿಗ್ರಿ 38 ಕಲೆ.

ನಕ್ಷತ್ರ: 312 ಡಿಗ್ರಿ 38 ಕಲೆಯನ್ನು 13 ಡಿಗ್ರಿ 20 ಕಲೆಯಿಂದ ಭಾಗಿಸಿದರೆ 23.4. ಅಂದರೆ 24ನೆಯದು, ಶತಭಿಷ.

ತಿಥಿ: 312 ಡಿಗ್ರಿ 38 ಕಲೆಯಿಂದ 133 ಡಿಗ್ರಿ 12 ಕಲೆ ಕಳೆದರೆ 179 ಡಿಗ್ರಿ 26 ಕಲೆ. 12ರಿಂದ ಭಾಗಿಸಿದರೆ 14.95. ನಡೆಯುತ್ತಿರುವುದು 15ನೆಯದು, ಹುಣ್ಣಿಮೆ. ಅದೂ ಮುಗಿಯುವ ಹಂತದಲ್ಲಿದೆ.

ಕರಣ: ಅದೇ 179 ಡಿಗ್ರಿ 26 ಕಲೆಯನ್ನು 6ರಿಂದ ಭಾಗಿಸಿದರೆ 29.9. ನಡೆಯುತ್ತಿರುವುದು 30ನೇ ಕರಣ, ಅಂದರೆ ಹುಣ್ಣಿಮೆಯ ಎರಡನೇ ಅರ್ಧ. ಹಿಂದೆ ಹೇಳಿದ ಲೆಕ್ಕದಲ್ಲಿ 15ನ್ನು ದ್ವಿಗುಣ ಮಾಡಿ ಒಂದು ಕಳೆದರೆ 29, ಏಳರಿಂದ ಭಾಗಿಸಿದರೆ ಶೇಷ 1. ಬವ.

ಯೋಗ: ಎರಡನ್ನೂ ಕೂಡಿಸಿ. 445 ಡಿಗ್ರಿ 50 ಕಲೆ. 360 ಕಳೆದರೆ 85 ಡಿಗ್ರಿ 50 ಕಲೆ. ಭಾಗಿಸಿದರೆ 6.4. ಏಳನೆಯದು, ಸುಕರ್ಮ.

ಈಗ ಸುಕರ್ಮ ಎಷ್ಟು ಹೊತ್ತಿನವರೆಗೆ? ಏಳನೇ ಯೋಗ ಮುಗಿಯುವುದು 13 ಡಿಗ್ರಿ 20 ಕಲೆಯ ಏಳರಷ್ಟು, ಅಂದರೆ 93 ಡಿಗ್ರಿ 20 ಕಲೆಯಲ್ಲಿ. ಇನ್ನೂ ಉಳಿದಿರುವುದು ಏಳೂವರೆ ಡಿಗ್ರಿ. ಆ ದಿನ ಚಂದ್ರ 24 ಗಂಟೆಗೆ ಸುಮಾರು 15.28 ಡಿಗ್ರಿ, ಸೂರ್ಯ 0.97 ಡಿಗ್ರಿ ಓಡುತ್ತಿದ್ದರು. ಕೂಡಿದರೆ 16.25. ಏಳೂವರೆಯನ್ನು 16.25ರಿಂದ ಭಾಗಿಸಿ 24ರಿಂದ ಗುಣಿಸಿದರೆ 11 ಗಂಟೆ 5 ನಿಮಿಷ. ಹಾಗಾಗಿ ಸಂಜೆ ಸುಮಾರು ಐದೂಕಾಲಿಗೆ ಸುಕರ್ಮ ಮುಗಿದು ಧೃತಿ ಶುರು. ಪಂಚಾಂಗದ ಸಾಲಿನಲ್ಲಿ ಇದು 'ಸುಕರ್ಮ 27-42' ಎಂಬಂತೆ ಕಾಣುತ್ತದೆ. 27 ಘಳಿಗೆ, 42 ವಿಘಳಿಗೆ. ಅದು ಗಡಿಯಾರದ ಗಂಟೆ ಅಲ್ಲ, ಸೂರ್ಯೋದಯದಿಂದ ಎಣಿಸಿದ ಹೊತ್ತು. ಘಳಿಗೆಯನ್ನು 24ರಿಂದ ಗುಣಿಸಿದರೆ ನಿಮಿಷ, ವಿಘಳಿಗೆಯನ್ನು 24ರಿಂದ ಗುಣಿಸಿದರೆ ಸೆಕೆಂಡು. ಒಟ್ಟು 665 ನಿಮಿಷ ಬರುತ್ತದೆ, ಅದನ್ನು 6.08ಕ್ಕೆ ಸೇರಿಸಿ.

ಕರಣದ ಸಾಲಿನಲ್ಲಿ ಅವತ್ತು 'ಬವ 2-22' ಬರುತ್ತದೆ. ಎರಡು ಘಳಿಗೆ 22 ವಿಘಳಿಗೆ ಅಂದರೆ 57 ನಿಮಿಷ. 7.05ಕ್ಕೆ ಹುಣ್ಣಿಮೆಯ ಜೊತೆ ಬವವೂ ಮುಗಿಯಿತು. ಆಮೇಲಿಂದ ಬಹುಳ ಪಾಡ್ಯ, ಬಾಲವ ಕರಣ. ಬಾಲವ ಸಂಜೆ ಐದರ ಆಚೆಗೂ ಇತ್ತು. ಆದರೆ ಸೂರ್ಯೋದಯಕ್ಕೆ ಇದ್ದ ಹೆಸರನ್ನು ಮಾತ್ರ ನೋಡಿದವರು ಅವತ್ತು ಇಡೀ ದಿನ ಬವ ಎಂದುಕೊಂಡಿರುತ್ತಾರೆ. ಪಂಚಾಂಗದ ಸಾಲು ಹೇಳುವುದು ಸೂರ್ಯೋದಯಕ್ಕೆ ಏನಿತ್ತು, ಅದು ಎಲ್ಲಿಯವರೆಗೆ ಎಂದು. ಅದರ ನಂತರದ್ದನ್ನು ನೀವೇ ಮುಂದುವರಿಸಬೇಕು. ಒಂದು ಹಗಲು ರಾತ್ರಿಯೊಳಗೆ ಕನಿಷ್ಠ ಎರಡು ಕರಣ, ಬಹಳ ಸಲ ಮೂರು ಬರುತ್ತವೆ. ಯೋಗವೂ ಸರಾಸರಿ ಇಪ್ಪತ್ತೆರಡೂವರೆ ಗಂಟೆಯದ್ದೇ, ಹಾಗಾಗಿ ಕೆಲವು ದಿನ ಒಂದು ಯೋಗ ಸೂರ್ಯೋದಯವನ್ನೇ ಕಾಣದೆ ನಡುವೆ ಬಂದು ಹೋಗುತ್ತದೆ.

ಎರಡು ಪಂಚಾಂಗದಲ್ಲಿ ಯೋಗ ಬೇರೆ ಬೇರೆ ಯಾಕೆ?

ಇದನ್ನು ಯೋಗ ಲೆಕ್ಕ ಹಾಕುವವರೆಲ್ಲ ಒಂದು ಸಲವಾದರೂ ಎದುರಿಸುತ್ತಾರೆ. ಎರಡು ಪಂಚಾಂಗ ಇಟ್ಟು ನೋಡಿದರೆ ತಿಥಿ ನಿಮಿಷದ ಮಟ್ಟಿಗೆ ಹೊಂದುತ್ತದೆ, ನಕ್ಷತ್ರ ಸ್ವಲ್ಪ ಬೇರೆ, ಯೋಗ ಗಂಟೆಗಟ್ಟಲೆ ಬೇರೆ. ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಎಂದುಕೊಂಡಿದ್ದೆ. ಅಲ್ಲ.

ಮೇಷ ಎಲ್ಲಿಂದ ಶುರು ಎಂಬುದರಲ್ಲೇ ಅಭಿಪ್ರಾಯಭೇದ ಇದೆ. ವಿಷುವಬಿಂದುವಿನಿಂದ ಮೇಷದ ಆರಂಭ ಎಷ್ಟು ಡಿಗ್ರಿ ದೂರ ಎಂಬುದಕ್ಕೆ ಅಯನಾಂಶ ಎನ್ನುತ್ತಾರೆ. ಕೇಂದ್ರ ಸರ್ಕಾರದ ಪಂಚಾಂಗ ಸುಧಾರಣಾ ಸಮಿತಿ, ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ, 1955ರಲ್ಲಿ ವರದಿ ಕೊಟ್ಟಿತು. ಈಗ ಲಾಹಿರಿ ಅಯನಾಂಶ ಎಂದು ಕರೆಯುವುದು ಅಲ್ಲಿಂದ ಹೆಚ್ಚು ಬಳಕೆಗೆ ಬಂತು. ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರು ಬಳಸಿದ ಅಯನಾಂಶ ಅದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಈ ಒಂದೂವರೆ ಡಿಗ್ರಿ ಏನು ಮಾಡುತ್ತದೆ ನೋಡಿ. ತಿಥಿ, ಕರಣದಲ್ಲಿ ಚಂದ್ರನಿಂದ ಸೂರ್ಯನನ್ನು ಕಳೆಯುತ್ತೇವೆ. ಇಬ್ಬರಲ್ಲೂ ಅದೇ ವ್ಯತ್ಯಾಸ ಇರುವುದರಿಂದ ಕಳೆದಾಗ ಅದು ಹೊರಟುಹೋಗುತ್ತದೆ. ನಕ್ಷತ್ರದಲ್ಲಿ ಒಂದೂವರೆ ಡಿಗ್ರಿ ಹಾಗೇ ಉಳಿಯುತ್ತದೆ. ಯೋಗದಲ್ಲಿ ಕೂಡಿಸುತ್ತೇವೆ, ಹಾಗಾಗಿ ಅದು ಇಮ್ಮಡಿ, ಮೂರು ಡಿಗ್ರಿ. ಮೊತ್ತ ದಿನಕ್ಕೆ ಸರಾಸರಿ 14 ಡಿಗ್ರಿ ಚಿಲ್ಲರೆ ಓಡುವುದರಿಂದ ಮೂರು ಡಿಗ್ರಿ ಅಂದರೆ ಸುಮಾರು ಐದು ಗಂಟೆ. ಒಂದು ಪಂಚಾಂಗದಲ್ಲಿ ವ್ಯತೀಪಾತ ಮಧ್ಯಾಹ್ನಕ್ಕೆ ಮುಗಿದರೆ ಇನ್ನೊಂದರಲ್ಲಿ ಬೆಳಗ್ಗೆಯೇ ಮುಗಿದಿರುತ್ತದೆ.

ಹಾಗಾಗಿ ಎರಡು ಕಡೆ ಯೋಗ ಬೇರೆ ಕಂಡರೆ ಮೊದಲು ತಿಥಿ ಹೊಂದುತ್ತದೆಯಾ ನೋಡಿ. ತಿಥಿ ಹೊಂದಿ ಯೋಗ ಮಾತ್ರ ಬೇರೆ ಇದ್ದರೆ ಅಯನಾಂಶ ಬೇರೆ. ತಿಥಿಯೇ ಬೇರೆ ಇದ್ದರೆ ಗಣಿತವೇ ಬೇರೆ: ಒಂದು ಈಗಿನ ಆಕಾಶವೀಕ್ಷಣೆಗೆ ಹೊಂದುವ ದೃಗ್ಗಣಿತ, ಇನ್ನೊಂದು ಸೂರ್ಯಸಿದ್ಧಾಂತದ ಹಳೆಯ ಪದ್ಧತಿ ಇರಬಹುದು. ಯಾವುದೋ ಒಂದನ್ನು ಹಿಡಿಯಿರಿ. ತಿಥಿಗೆ ಒಂದು, ಯೋಗಕ್ಕೆ ಇನ್ನೊಂದು ಎಂದು ಮಿಶ್ರ ಮಾಡಬೇಡಿ.

ಯೋಗ ಎಂಬ ಹೆಸರಿನಿಂದ ಆಗುವ ಇನ್ನೊಂದು ಗೊಂದಲ ಇದೆ. ಗೋಡೆ ಕ್ಯಾಲೆಂಡರಿನಲ್ಲಿ 'ಅಮೃತಸಿದ್ಧಿ ಯೋಗ', 'ಸರ್ವಾರ್ಥಸಿದ್ಧಿ ಯೋಗ' ಎಂದು ಬರೆದಿರುತ್ತಾರೆ. ಅವು ಈ 27ರಲ್ಲಿ ಇಲ್ಲ. ಅವು ವಾರ ಮತ್ತು ನಕ್ಷತ್ರ ಕೂಡಿದಾಗ ಆಗುವಂಥವು. ನಾವು ಲೆಕ್ಕ ಹಾಕಿದ್ದಕ್ಕೆ ನಿತ್ಯಯೋಗ ಎಂದು ಹೆಸರು, ಸಂಕಲ್ಪಕ್ಕೆ ಬೇಕಾದ್ದು ಇದೇ. 27ರ ಒಳಗೂ ಸಿದ್ಧಿ 16ನೆಯದು, ಸಿದ್ಧ 21ನೆಯದು. ಒಂದು ಕಾಗುಣಿತ ತಪ್ಪಿದರೆ ಯೋಗವೇ ಬೇರೆ.

ಹೊರದೇಶದಲ್ಲಿರುವವರಿಗೆ

ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇರುವ ನಮ್ಮವರು ಊರಿನಿಂದ ತಂದ ಪಂಚಾಂಗದ ಘಳಿಗೆಯನ್ನು ಅಲ್ಲಿನ ಸೂರ್ಯೋದಯಕ್ಕೆ ಸೇರಿಸಿಬಿಡುತ್ತಾರೆ. ಅದು ತಪ್ಪು. ಆ ಘಳಿಗೆ ಬೆಂಗಳೂರೋ ಮೈಸೂರೋ, ಪಂಚಾಂಗ ಯಾವ ಊರಿಗೆ ಗಣಿಸಿದ್ದೋ ಆ ಊರಿನ ಸೂರ್ಯೋದಯದಿಂದ ಎಣಿಸಿದ್ದು. ಮೊದಲು ಅದನ್ನು ಭಾರತದ ಗಡಿಯಾರದ ಹೊತ್ತಿಗೆ ತನ್ನಿ. ಕರಣ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆಮೇಲೆ ನಿಮ್ಮ ಊರಿನ ಗಡಿಯಾರಕ್ಕೆ ಬದಲಾಯಿಸಿ.

2023ರ ರಾಖಿಯ ಭದ್ರೆ ಇಲ್ಲಿ ಆಗಸ್ಟ್ 30ರ ರಾತ್ರಿ 9.01ಕ್ಕೆ ಮುಗಿಯಿತಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಗೆ ಅದು ಅದೇ 30ರ ಬೆಳಗ್ಗೆ 11.31. ಹುಣ್ಣಿಮೆ ಮುಗಿದದ್ದು ಅಲ್ಲಿನ ರಾತ್ರಿ 9.35ಕ್ಕೆ. ಇಲ್ಲಿ ಅಣ್ಣತಮ್ಮಂದಿರು ರಾತ್ರಿ ಒಂಬತ್ತರವರೆಗೆ ಕಾಯುವ ಹಾಗಾದರೆ, ಅಲ್ಲಿ ಮಧ್ಯಾಹ್ನದ ಊಟದಿಂದ ರಾತ್ರಿ ಊಟದವರೆಗೂ ಭದ್ರೆಯಿಲ್ಲದ ಹುಣ್ಣಿಮೆ ಸಿಕ್ಕಿತು. ಊರಿನವರು ಕಳಿಸಿದ ವಾಟ್ಸಾಪ್ ಸಂದೇಶ ನೋಡಿ ಅವರೂ ರಾತ್ರಿ ಒಂಬತ್ತರವರೆಗೆ ಕಾದಿದ್ದರೆ ಉಳಿಯುತ್ತಿದ್ದದ್ದು ಬರೀ 35 ನಿಮಿಷ.

ಸಂಕಲ್ಪಕ್ಕೆ ಮರಳಿ

ಆ ಗುರುವಾರ ಬೆಳಗ್ಗೆ ಆರೂವರೆಗೆ ನೀವು ಬೆಂಗಳೂರಿನಲ್ಲಿ ಪೂಜೆಗೆ ಕೂತಿದ್ದರೆ ಸಂಕಲ್ಪದಲ್ಲಿ ಹೇಳಬೇಕಾದ್ದು ಹೀಗೆ: ಶೋಭಕೃತ್ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ನಿಜ ಶ್ರಾವಣ ಮಾಸ, ಶುಕ್ಲಪಕ್ಷ, ಪೌರ್ಣಮಿ, ಗುರುವಾರ, ಶತಭಿಷ ನಕ್ಷತ್ರ, ಸುಕರ್ಮ ಯೋಗ, ಬವ ಕರಣ. ಸ್ನಾನ ತಡವಾಗಿ ಏಳೂವರೆಗೆ ಕೂತಿದ್ದರೆ ಪಕ್ಷ ಕೃಷ್ಣ, ತಿಥಿ ಪಾಡ್ಯ, ಕರಣ ಬಾಲವ. ಯೋಗ ಮಾತ್ರ ಅದೇ ಸುಕರ್ಮ.